ತೇರಿನ ದಿನ ಮೈಕಿನಲ್ಲಿ ಯಾರು, ಏನು ಹೇಳಬೇಕು: ಜಾತ್ರಾ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಮತ್ತು ಸರ್ವ ಸದಸ್ಯರಿಗೆ,
ಜಾತ್ರಾ ಮಹೋತ್ಸವ ಸಮಿತಿ

ವಿಷಯ: ರಥೋತ್ಸವದ ದಿನ ಧ್ವನಿವರ್ಧಕದಲ್ಲಿ ಕೊಡುವ ಸೂಚನೆಗಳ ಕುರಿತು

ಮಾನ್ಯರೇ,

ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ತಿಳಿಯಬೇಕಾದವರಿಗೆ ತಿಳಿಯುತ್ತದೆ; ಉಳಿದವರು ತಮ್ಮೂರಿನ ಹೆಸರನ್ನೇ ಹಾಕಿಕೊಂಡು ಓದಿದರೂ ಬಹಳ ವ್ಯತ್ಯಾಸವಾಗದು. ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಕಿಟಕಿಯ ಹಿಂದೆ ಕುಳಿತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದೇ ನನ್ನ ಅನ್ನದ ದಾರಿಯಾಗಿತ್ತು. ಹಾಗಾಗಿ ಜಾತ್ರೆಯಲ್ಲಿ ಬೇರೆಯವರು ದೇವರನ್ನು ನೋಡುತ್ತಾರೆ, ನನ್ನ ಕಿವಿ ಮಾತ್ರ ಕಂಬದ ಮೇಲಿನ ಹಾರ್ನ್‌ಗಳ ಕಡೆಗೇ ಇರುತ್ತದೆ. ಕಳೆದ ಜಾತ್ರೆಯಲ್ಲಿ ಆ ಕಿವಿಗೆ ಬಿದ್ದದ್ದನ್ನು ಮೊದಲು ಸಮಿತಿಯವರೊಬ್ಬರಿಗೆ ಬಾಯಲ್ಲಿಯೇ ಹೇಳಿದೆ. "ಏನೂ ಆಗಲಿಲ್ಲವಲ್ಲ, ಬಿಡಿ" ಎಂದರು. ಏನೂ ಆಗಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಅದಕ್ಕಾಗಿ ಈ ಪತ್ರ.

ನಡೆದದ್ದು ಇಷ್ಟು. ಸಂಜೆ ನಾಲ್ಕೂವರೆಗೆ ತೇರು ಎಳೆಯಬೇಕಿತ್ತು. ಹಿಂದಿನ ಗಾಲಿಯೊಂದರ ಕೆಲಸ ಮುಗಿದಿರಲಿಲ್ಲ, ಬಡಗಿಗಳು ಇನ್ನೂ ತೇರಿನ ಕೆಳಗೇ ಇದ್ದರು. ರಥಬೀದಿಯ ಎರಡೂ ಬದಿಯಲ್ಲಿ ಬಾಳೆಹಣ್ಣಿಗೆ ಜವನ ಸಿಕ್ಕಿಸಿ ಹಿಡಿದ ಜನ ಕಿಕ್ಕಿರಿದು ನಿಂತಿದ್ದರು. ಆಗ ಸಮಿತಿಯ ವೇದಿಕೆಯಿಂದ ಒಂದು ಸೂಚನೆ ಬಂತು. ನನಗೆ ನೆನಪಿರುವಂತೆ ಅದು ಹೀಗಿತ್ತು: "ಭಕ್ತಾದಿಗಳಲ್ಲಿ ಸವಿನಯ ಪ್ರಾರ್ಥನೆ, ದಯವಿಟ್ಟು ಯಾರೂ ಗಾಬರಿಯಾಗಬಾರದು, ಯಾರೂ ನೂಕಾಡಬಾರದು, ಅನಿವಾರ್ಯ ಕಾರಣಗಳಿಂದಾಗಿ ಮಹಾರಥೋತ್ಸವವು ನಿಗದಿತ ಸಮಯಕ್ಕೆ ಬದಲಾಗಿ ಆರೂವರೆ ಗಂಟೆಯವರೆಗೆ ಹೊರಡುವುದಿಲ್ಲ." ನಾನು ವೇದಿಕೆಯ ಹತ್ತಿರವೇ ಇದ್ದುದರಿಂದ ಇಷ್ಟು ಕೇಳಿಸಿತು. ಕಲ್ಯಾಣಿಯ ಕಡೆ ನಿಂತಿದ್ದ ನನ್ನ ತಂಗಿಯ ಮಗನಿಗೆ ಕೇಳಿಸಿದ್ದು "ಗಾಬರಿ", "ನೂಕಾಟ", "ಮಹಾರಥ", "ಹೊರಡು" ಇಷ್ಟೇ. ಅವನ ಅಕ್ಕಪಕ್ಕದವರು ತೇರು ಹೊರಟೇಬಿಟ್ಟಿತು ಎಂದುಕೊಂಡು ಮುಂದೆ ನುಗ್ಗಿದರು. ಮುಂದಿದ್ದವರು ಏನೋ ಅನಾಹುತವಾಗಿದೆ ಎಂದು ಹಿಂದಕ್ಕೆ ಒತ್ತಿದರು. ನಡುವೆ ಸಿಕ್ಕಿದ ಒಬ್ಬ ಅಜ್ಜಿ ಬಿದ್ದರು, ಮಣಿಕಟ್ಟು ಮುರಿಯಿತು. ತಗಡಿನ ತಡೆಬೇಲಿಯ ಬಳಿ ಇದ್ದ ಪೊಲೀಸರನ್ನು ಜನ "ಏನಂತೆ ಸರ್?" ಎಂದು ಕೇಳಿದರೆ, ಅವರಿಗೂ ಏನೂ ಗೊತ್ತಿರಲಿಲ್ಲ. ಅವರೂ ನಮ್ಮಂತೆ ಹಾರ್ನ್ ಕಡೆಗೇ ಮುಖ ಮಾಡಿ ನಿಂತಿದ್ದರು.

ಗದ್ದಲ ಜಾಸ್ತಿ ಇತ್ತು, ಶಬ್ದ ಸಾಲಲಿಲ್ಲ, ಮುಂದಿನ ಸಲ ಇನ್ನೂ ಹತ್ತು ಹಾರ್ನ್ ಕಟ್ಟಿಸೋಣ ಎಂದು ತಮ್ಮಲ್ಲಿ ಮಾತಾಗಿದೆಯಂತೆ. ದಯವಿಟ್ಟು ಬೇಡ. ಅಂದು ಶಬ್ದಕ್ಕೆ ಕೊರತೆಯೇ ಇರಲಿಲ್ಲ. ಹತ್ತಿರ ಹೋಗಿ ನೋಡಿದೆ: ಆಂಪ್ಲಿಫೈಯರಿನ ಕೆಂಪು ದೀಪ ಆರದೆ ಉರಿಯುತ್ತಿತ್ತು. ಅದರ ಅರ್ಥ, ಯಂತ್ರ ತನ್ನ ಶಕ್ತಿ ಮೀರಿ ಅರಚುತ್ತಿದೆ, ಧ್ವನಿಯ ಅಂಚುಗಳು ಕತ್ತರಿಸಿಹೋಗುತ್ತಿವೆ ಎಂದು. ಅದರ ಪಕ್ಕದ ಮಿಕ್ಸರಿನಲ್ಲಿ ಎಕೋ ಗುಂಡಿ ಅರ್ಧಕ್ಕಿಂತ ಮೇಲಿತ್ತು. ಕೇಳಿದ್ದಕ್ಕೆ ಮೈಕ್‌ಸೆಟ್ಟಿನ ಹುಡುಗ, "ಎಕೋ ಇಲ್ಲದಿದ್ದರೆ ಧ್ವನಿಗೆ ಗತ್ತು ಬರುವುದಿಲ್ಲ, ಯಜಮಾನರೇ, ಭಾಷಣ ಮಾಡುವವರೇ ಕೇಳಿ ಹಾಕಿಸಿಕೊಳ್ಳುತ್ತಾರೆ" ಎಂದ. ಹುಡುಗನ ತಪ್ಪಲ್ಲ. ಗತ್ತು ಕೇಳುವವರು ವೇದಿಕೆಯ ಮೇಲೆ ಇದ್ದಾರೆ.

ಮಾತು ಅರ್ಥವಾಗುವುದು ಮುಖ್ಯವಾಗಿ ವ್ಯಂಜನಗಳಿಂದ. ಕ, ತ, ಪ, ಸ ಇಂಥವು ಕ್ಷಣಮಾತ್ರ ಇದ್ದು ಹೋಗುವ, ಬಲವಿಲ್ಲದ ಸದ್ದುಗಳು. ಸ್ವರಗಳು ಬಲವಾದವು, ದೂರ ಹೋಗುತ್ತವೆ. ಶಬ್ದ ಹೆಚ್ಚಿಸಿದಾಗ, ಎಕೋ ಹಾಕಿದಾಗ, ಒಂದು ಅಕ್ಷರದ ಸ್ವರದ ಬಾಲ ಮುಂದಿನ ಅಕ್ಷರದ ವ್ಯಂಜನವನ್ನು ನುಂಗುತ್ತದೆ. ದೂರದಲ್ಲಿ ನಿಂತವನಿಗೆ ಯಾರೋ ಜೋರಾಗಿ ಕೂಗುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನು ಎಂಬುದು ಗೊತ್ತಾಗುವುದಿಲ್ಲ. ಜನಸಂದಣಿಯಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಏನೂ ಕೇಳಿಸದಿದ್ದರೆ ಜನ ಸುಮ್ಮನಿರುತ್ತಾರೆ. ಕೂಗು ಮಾತ್ರ ಕೇಳಿಸಿದರೆ ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಹಾರ್ನ್‌ಗಳನ್ನು ಕಟ್ಟಿದ ರೀತಿಯಲ್ಲೂ ತೊಂದರೆ ಇತ್ತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ತಂತಿಯಲ್ಲಿ ಮಾತ್ರ ತಕ್ಷಣ ತಲುಪುತ್ತದೆ. ತಂತಿ ಒಂದೇ ಆದ್ದರಿಂದ ದೇವಸ್ಥಾನದ ಮುಂದಿನ ಹಾರ್ನ್, ಕಲ್ಯಾಣಿಯ ಹಾರ್ನ್ ಎರಡೂ ಒಂದೇ ಕ್ಷಣದಲ್ಲಿ ಮಾತಾಡುತ್ತವೆ. ಕಲ್ಯಾಣಿಯ ಕಂಬದ ಕೆಳಗೆ ನಿಂತವನಿಗೆ ತಲೆಯ ಮೇಲಿನದು ಕೂಡಲೇ ಕೇಳುತ್ತದೆ. ನೂರು ಮೀಟರ್ ಆಚೆಯದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಅಷ್ಟರಲ್ಲಿ ಮಾತಾಡುವವನು ಎರಡು ಅಕ್ಷರ ಮುಂದೆ ಹೋಗಿರುತ್ತಾನೆ. ಹೀಗೆ ಪ್ರತಿ ಪದದ ಮೇಲೆ ಹಿಂದಿನ ಪದದ ಬಾಲ ಬಂದು ಬೀಳುತ್ತದೆ. ಹದಿನೈದು ಇಪ್ಪತ್ತು ಮೀಟರಿನ ಅಂತರವಾದರೆ ಕಿವಿ ಎರಡನ್ನೂ ಒಂದೇ ಎಂದು ತೆಗೆದುಕೊಳ್ಳುತ್ತದೆ. ಅಂತರ ಅದಕ್ಕಿಂತ ಬಹಳ ಹೆಚ್ಚಾಗಿ, ದೂರದ್ದೂ ಅಷ್ಟೇ ಜೋರಾಗಿ ಕೇಳುತ್ತಿದ್ದರೆ ಗೊಂದಲ. ಕಳೆದ ಸಲ ನಮ್ಮ ಹಾರ್ನ್‌ಗಳು ಒಂದಕ್ಕೊಂದು ಎದುರುಬದುರಾಗಿ ಜಗಳಕ್ಕೆ ನಿಂತಂತೆ ಇದ್ದವು. ಎಲ್ಲವನ್ನೂ ವೇದಿಕೆಯಿಂದ ಹೊರಮುಖವಾಗಿ, ಒಂದೇ ದಿಕ್ಕಿಗೆ, ಸ್ವಲ್ಪ ಕೆಳಕ್ಕೆ ಬಾಗಿಸಿ, ಪ್ರತಿಯೊಂದರ ಶಬ್ದವನ್ನೂ ಅದರ ಸುತ್ತಲಿನವರಿಗೆ ಸಾಕಾಗುವಷ್ಟೇ ಇಟ್ಟರೆ, ಈಗಿರುವ ಸಾಮಾನಿನಲ್ಲಿಯೇ ಅರ್ಧ ತೊಂದರೆ ಹೋಗುತ್ತದೆ. ಇದಕ್ಕೆ ಹೆಚ್ಚಿನ ಹಣ ಬೇಡ. ಏಣಿ ಹತ್ತಲು ಒಬ್ಬ, ಬೀದಿಯ ಕೊನೆಯಲ್ಲಿ ನಿಂತು ಕೈ ಬೀಸಲು ಇನ್ನೊಬ್ಬ ಸಾಕು.

ಉಳಿದರ್ಧ ಮಾತಾಡುವವರ ಕೈಯಲ್ಲಿದೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಪಕ್ಕಕ್ಕೆ ಇರಬೇಕು. ತುಟಿಗೆ ಅಂಟಿಸಿದರೆ ಉಸಿರು ಗುಡುಗುತ್ತದೆ, ಬರಿಯ ಗಡಸು ಧ್ವನಿ ಉಳಿಯುತ್ತದೆ. ಎಕೋ ಪೂರ್ತಿ ಸೊನ್ನೆ. ಬಾಸ್ ಗುಂಡಿ ಕೆಳಗೆ. ಪ್ರತಿ ವಾಕ್ಯದ ನಂತರ ಒಂದು ಉಸಿರಿನಷ್ಟು ನಿಲ್ಲಬೇಕು, ಅಷ್ಟರಲ್ಲಿ ದೂರದ ಹಾರ್ನಿನ ಬಾಲ ಮುಗಿಯುತ್ತದೆ. ಇದು ಸರಿಯಾಗಿದೆಯೇ ಎಂದು ನೋಡಲು ವೇದಿಕೆಯ ಮೇಲೆ "ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದರಿಂದ ಪ್ರಯೋಜನವಿಲ್ಲ. ಆ ಎರಡು ಪದ ಎಲ್ಲರಿಗೂ ಬಾಯಿಪಾಠ, ಅರ್ಧ ಕೇಳಿದರೂ ಪೂರ್ತಿ ಕೇಳಿದಂತೆ ಅನಿಸುತ್ತದೆ. ಒಬ್ಬರು ಚೀಟಿಯಲ್ಲಿ ಯಾವುವೋ ಹತ್ತು ಊರಿನ ಹೆಸರನ್ನು ಬರೆದು ಓದಲಿ, ಇನ್ನೊಬ್ಬರು ಬೀದಿಯ ತುದಿಯಲ್ಲಿ ಕೇಳಿಸಿದ್ದನ್ನು ಬರೆದುಕೊಳ್ಳಲಿ. ಎರಡು ಚೀಟಿ ಹೊಂದಿದರೆ ಮೈಕು ಸರಿಯಾಗಿದೆ. ಇದನ್ನು ಬೆಳಿಗ್ಗೆ ಬೀದಿ ಖಾಲಿ ಇದ್ದಾಗ ಒಮ್ಮೆ, ಜನ ಸೇರಿದ ಮೇಲೆ ಇನ್ನೊಮ್ಮೆ ಮಾಡಬೇಕು, ಏಕೆಂದರೆ ಜನರೇ ಒಂದು ಸದ್ದು.

ಈಗ ಆ ಸೂಚನೆಗೇ ಬರುತ್ತೇನೆ. "ಗಾಬರಿಯಾಗಬೇಡಿ" ಎಂಬ ಮಾತನ್ನು ನಮ್ಮ ನಿಲ್ದಾಣದಲ್ಲಿ ಹಿರಿಯ ನಿಯಂತ್ರಕರೊಬ್ಬರು ಯಾರ ಬಾಯಲ್ಲೂ ಬರಲು ಬಿಡುತ್ತಿರಲಿಲ್ಲ. ಅಲ್ಲಿಯವರೆಗೆ ಯಾರಿಗೂ ಗಾಬರಿ ಇರುವುದಿಲ್ಲ, ಮೈಕಿನಲ್ಲಿ ಕೇಳಿದ ಮೇಲೆ ಶುರುವಾಗುತ್ತದೆ ಎನ್ನುತ್ತಿದ್ದರು. ಏನು ಮಾಡಬಾರದು ಎನ್ನುವ ಬದಲು ಏನು ಮಾಡಬೇಕು ಎಂದು ಹೇಳಿದರೆ ಜನ ಮಾಡುತ್ತಾರೆ. ಇನ್ನೊಂದು, "ಹೊರಡುವುದಿಲ್ಲ" ಎಂಬಲ್ಲಿ ಇಡೀ ಸುದ್ದಿ ಇರುವುದು ಕೊನೆಯ ಎರಡು ಅಕ್ಷರದಲ್ಲಿ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮಾತಾಡುವವರ ಉಸಿರು ಇಳಿದಿರುತ್ತದೆ, ಆ "ಇಲ್ಲ" ಗಾಳಿಗೆ ಹೋಗುತ್ತದೆ. ಆಗ ಉಳಿಯುವುದು ಸರಿಯಾಗಿ ಅದರ ವಿರುದ್ಧದ ಸುದ್ದಿ. ಆದ್ದರಿಂದ ಮುಖ್ಯ ವಿಷಯವನ್ನು "ಇಲ್ಲ" ಎಂಬುದರ ಮೇಲೆ ನೇತುಹಾಕಬಾರದು. "ತೇರು ಈಗ ಹೊರಡುವುದಿಲ್ಲ" ಎನ್ನುವ ಬದಲು "ತೇರು ನಿಂತಿದೆ" ಎನ್ನಬೇಕು. ಗಂಟೆಯೂ ಹಾಗೆಯೇ. ಆರೂವರೆ, ಮೂರೂವರೆ ಇವೆರಡಕ್ಕೂ ದೂರದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ನಾವು "ಆರೂವರೆ, ಆರು ಗಂಟೆ ಮೂವತ್ತು ನಿಮಿಷ" ಎಂದು ಎರಡು ಬಗೆಯಲ್ಲಿ ಹೇಳುತ್ತಿದ್ದೆವು. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಅದೇ ಸೂಚನೆಯನ್ನು ನಾನು ಕೊಡುವುದಾಗಿದ್ದರೆ ಹೀಗೆ ಬರೆದಿಟ್ಟುಕೊಂಡು ಓದುತ್ತಿದ್ದೆ:

"ರಥಬೀದಿಯಲ್ಲಿ ಇರುವವರಿಗೆ ಸೂಚನೆ. ರಥಬೀದಿಯಲ್ಲಿ ಇರುವವರಿಗೆ ಸೂಚನೆ. ತೇರು ನಿಂತಿದೆ. ಗಾಲಿಯ ಕೆಲಸ ನಡೆಯುತ್ತಿದೆ. ತೇರು ಎಳೆಯುವ ಸಮಯ ಸಂಜೆ ಆರೂವರೆ. ಆರು ಗಂಟೆ ಮೂವತ್ತು ನಿಮಿಷ. ಅಲ್ಲಿಯವರೆಗೆ ಬೀದಿಯ ಎರಡೂ ಬದಿಯಲ್ಲಿ ಇದ್ದಲ್ಲೇ ಇರಿ. ನೀರು ಅರಳಿಕಟ್ಟೆಯ ಹತ್ತಿರ ಸಿಗುತ್ತದೆ. ಮುಂದಿನ ಸೂಚನೆ ಐದು ಗಂಟೆಗೆ."

ಯಾರಿಗೆ ಎಂಬುದು ಮೊದಲೇ, ಎರಡು ಸಲ ಬಂದಿದೆ. ಮಾತು ಶುರುವಾದಾಗ ಯಾರೂ ಕೇಳುತ್ತಿರುವುದಿಲ್ಲ, ಮೊದಲ ವಾಕ್ಯ ಕಿವಿಯನ್ನು ಕರೆಯಲು ಮಾತ್ರ. "ಅನಿವಾರ್ಯ ಕಾರಣ" ಹೋಗಿದೆ, ಗಾಲಿ ಬಂದಿದೆ. ಅನಿವಾರ್ಯ ಕಾರಣ ಎಂದರೆ ಜನ ಕೆಟ್ಟದ್ದನ್ನೇ ಊಹಿಸುತ್ತಾರೆ. ಗಾಲಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಗಾಲಿ ಸರಿಯಿಲ್ಲದ ತೇರನ್ನು ಎಳೆಯಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಮುಂದಿನ ಸೂಚನೆ ಯಾವಾಗ ಎಂದು ಹೇಳಿರುವುದರಿಂದ ಅಲ್ಲಿಯವರೆಗೆ ಹಬ್ಬುವ ಸುಳ್ಳುಸುದ್ದಿಗೆ ಬಲ ಕಡಿಮೆ. ಹೇಳಿದ ಮೇಲೆ ಐದು ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು "ಸಮಯ ಅದೇ, ಆರೂವರೆ" ಎಂದು ಹೇಳಲೇಬೇಕು. ಮತ್ತೆ ಓದುವಾಗ ಒಂದು ಪದವೂ ಬದಲಾಗಬಾರದು. ಪದ ಬದಲಾದರೆ ಸುದ್ದಿ ಬದಲಾಯಿತು ಎಂದುಕೊಳ್ಳುವವರೇ ಹೆಚ್ಚು.

ಇದಕ್ಕಿಂತ ಮುಖ್ಯವಾದದ್ದು, ಮೈಕಿಗೆ ಹೋಗುವ ಮುಂಚೆ ಸುದ್ದಿ ಎಲ್ಲಿಗೆ ಹೋಗಬೇಕು ಎಂಬುದು. ಬಸ್ಸಿನ ಅಂಕಣ ಬದಲಾದರೆ ನಾವು ಮೊದಲು ಚಾಲಕನಿಗೆ, ಆಮೇಲೆ ಅಂಕಣದಲ್ಲಿರುವ ಸಿಬ್ಬಂದಿಗೆ ತಿಳಿಸಿ, ಬಸ್ಸು ಹೊಸ ಜಾಗಕ್ಕೆ ಬಂದು ನಿಂತ ಮೇಲೆ ಮೈಕಿನಲ್ಲಿ ಹೇಳುತ್ತಿದ್ದೆವು. ಮೊದಲೇ ಹೇಳಿಬಿಟ್ಟರೆ ಮಕ್ಕಳನ್ನೂ ಗಂಟುಮೂಟೆಯನ್ನೂ ಹೊತ್ತ ಜನ ಇನ್ನೂ ಚಲಿಸುತ್ತಿರುವ ಬಸ್ಸಿನ ಮುಂದೆ ಓಡುತ್ತಾರೆ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ರೈಲು ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟಿದ್ದ ಜನರ ಕಾಲ್ತುಳಿತದಲ್ಲಿ 18 ಮಂದಿ ಸತ್ತರು. ಪ್ರಯಾಗ್‌ರಾಜ್ ಎಂಬ ಹೆಸರು ಹೊತ್ತ ಒಂದಕ್ಕಿಂತ ಹೆಚ್ಚು ರೈಲುಗಳಿದ್ದವು, ವಿಶೇಷ ರೈಲು ಬರುವ ಪ್ಲಾಟ್‌ಫಾರಂ ಬೇರೆ ಎಂಬ ಘೋಷಣೆಯಿಂದ ಜನ ಮೆಟ್ಟಿಲಿನ ಮೇಲೆ ಎದುರುಬದುರಾದರು ಎಂದು ರೈಲ್ವೆ ರಕ್ಷಣಾ ದಳದ ವರದಿ ಹೇಳಿದ್ದಾಗಿ ಆಗ ಪತ್ರಿಕೆಗಳು ಬರೆದವು. ತಲೆಯ ಮೇಲಿನ ದೊಡ್ಡ ಹೊರೆಯೊಂದು ಮೆಟ್ಟಿಲಿನಲ್ಲಿ ಬಿದ್ದದ್ದು ಕಾರಣ ಎಂದು ರೈಲ್ವೆ ಸಚಿವರು ಮುಂದೆ ಸಂಸತ್ತಿಗೆ ತಿಳಿಸಿದರು. ಯಾವುದೇ ಇರಲಿ, ಕಿಕ್ಕಿರಿದ ಮೆಟ್ಟಿಲಿನ ಮೇಲಿರುವವರಿಗೆ "ಇಲ್ಲಿಂದ ಅಲ್ಲಿಗೆ" ಎಂಬ ಸುದ್ದಿಯನ್ನು ಕೂಗಿ ಹೇಳುವುದು ಎಷ್ಟು ಅಪಾಯ ಎಂಬುದು ನನ್ನ ಕಸುಬಿನ ಯಾರಿಗೂ ಹೊಸದಲ್ಲ. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತ ದಿನ, ಮೆರವಣಿಗೆ ಇದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಜಾತ್ರೆಯಲ್ಲಿ ಆ ಸಂಜೆ ಎಷ್ಟು ಮೈಕು ಮಾತಾಡುತ್ತಿದ್ದವು ಎಂದು ದಯವಿಟ್ಟು ನೆನಪು ಮಾಡಿಕೊಳ್ಳಿ. ಸಮಿತಿಯದು ಒಂದು, ದೇವಸ್ಥಾನದ ಒಳಗಿನ ನಾಗಸ್ವರಕ್ಕೆ ಒಂದು, ನಾಟಕದ ವೇದಿಕೆಗೆ ಒಂದು, ಪೊಲೀಸ್ ಜೀಪಿನದು ಒಂದು. ಇವುಗಳ ಮೇಲೆ ತೊಟ್ಟಿಲಿನವರ ಹಾಡು, ಹತ್ತು ರೂಪಾಯಿಗೆ ಯಾವುದಾದರೂ ಎಂದು ರೆಕಾರ್ಡ್ ಹಾಕಿದ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳು.

ಇನ್ನು ಮಗುವಿನ ವಿಷಯ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಬೇಕು.

ನಾಲ್ಕು ವರ್ಷದ ಆಸುಪಾಸಿನ ಒಂದು ಹೆಣ್ಣುಮಗು ಬಳೆ ಅಂಗಡಿಗಳ ಸಾಲಿನಲ್ಲಿ ಒಂಟಿಯಾಗಿ ಅಳುತ್ತಿತ್ತು. ಬಳೆ ಮಾರುವ ಹೆಂಗಸೊಬ್ಬರು ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ಮಗುವನ್ನು ಸೊಂಟದ ಮೇಲೆ ಹೊತ್ತು ವೇದಿಕೆಗೆ ತಂದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ವೇದಿಕೆಯಲ್ಲಿದ್ದವರು ಮಗುವಿನ ಹೆಸರು ಕೇಳಿ, ಅದನ್ನು ಮೈಕಿನಲ್ಲಿ ಹೇಳಿದರು. ಅಪ್ಪನ ಹೆಸರು ಹೇಳಿದರು. ಹಳದಿ ಲಂಗ, ಕಾಲಲ್ಲಿ ಬೆಳ್ಳಿ ಗೆಜ್ಜೆ, ಕೈಯಲ್ಲಿ ಬಲೂನು ಎಂದು ಎಲ್ಲವನ್ನೂ ಹೇಳಿದರು. ಆಮೇಲೆ ಮೈಕನ್ನು ಮಗುವಿನ ಬಾಯಿಗೇ ಹಿಡಿದು "ಅಮ್ಮಾ ಬಾ ಅಂತ ಹೇಳು ಪುಟ್ಟಾ" ಎಂದರು. ಅಷ್ಟೂ ಹಾರ್ನ್‌ಗಳಲ್ಲಿ ಮಗುವಿನ ಚೀರಾಟ. ತನ್ನದೇ ಕೂಗು ನಾಲ್ಕು ಕಡೆಯಿಂದ ತಿರುಗಿ ಬಂದದ್ದು ಕೇಳಿ ಮಗು ಮತ್ತಷ್ಟು ಬೆದರಿತು. ಜಾತ್ರೆಯಲ್ಲಿದ್ದ ತಾಯಂದಿರೆಲ್ಲ ತಮ್ಮ ಮಕ್ಕಳನ್ನು ಎಳೆದು ಅಪ್ಪಿಕೊಂಡರು, ಕೈಬಿಟ್ಟಿದ್ದವರು ಹುಡುಕಲು ಓಡಿದರು. ಆ ಮಗುವಿನ ತಾಯಿ ಮಾತ್ರ ಬರಲಿಲ್ಲ.

ಬಾರದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಅವರು ಮಗಳ ಅಳು ಕೇಳಿಸಿಕೊಂಡಿದ್ದರು. ಕೇಳಿದ್ದು ಕಲ್ಯಾಣಿಯ ಹಾರ್ನಿನಿಂದ; ಹೆತ್ತ ಕರುಳು ಸದ್ದು ಬಂದ ಕಡೆಗೇ ಓಡಿತು. ಕಂಬದ ಕೆಳಗೆ ಮಗು ಇಲ್ಲ. ಪಕ್ಕದಲ್ಲಿ ನೀರು. ಅವರ ಮನಸ್ಸಿನಲ್ಲಿ ಏನು ಬಂದಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೈಕಿನವರು "ವೇದಿಕೆಯ ಬಳಿ ಬನ್ನಿ" ಎಂದಿದ್ದರು, ನಿಜ. ಪರವೂರಿನಿಂದ ಬಂದವರಿಗೆ ವೇದಿಕೆ ಎಂದರೆ ಯಾವುದು? ಅಲ್ಲಿದ್ದದ್ದು ಎರಡು. ಅವರು ಮೊದಲು ನಾಟಕದ ವೇದಿಕೆಗೆ ಹೋದರು.

ಈ ನಡುವೆ ಒಬ್ಬ ಗಂಡಸು ಸಮಿತಿಯ ಮೇಜಿನ ಬಳಿ ಬಂದು, ಮಗು ನಮ್ಮದು, ನಾನು ಚಿಕ್ಕಪ್ಪ ಎಂದ. ಮಗುವಿನ ಹೆಸರೇನು ಎಂದು ಕೇಳಿದರು, ಹೇಳಿದ. ಅಪ್ಪನ ಹೆಸರೇನು ಎಂದರು, ಹೇಳಿದ. ಎರಡನ್ನೂ ಆಗಲೇ ಇಡೀ ಜಾತ್ರೆಗೆ ಕೂಗಿ ಹೇಳಿಯಾಗಿತ್ತು. ಮಗುವನ್ನು ಕೊಡಲು ಎತ್ತಿಯೂ ಆಗಿತ್ತು. ಬಳೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು, "ಹೆತ್ತವಳು ಬರಲಿ, ಅಲ್ಲಿಯವರೆಗೆ ನಾನು ಬಿಡುವುದಿಲ್ಲ" ಎಂದು ಹಿಡಿದುಕೊಂಡರು. ತಾಯಿ ಬಂದ ಮೇಲೆ ಗೊತ್ತಾಯಿತು, ಆತ ಚಿಕ್ಕಪ್ಪನಲ್ಲ, ಅದೇ ಊರಿನವನು, ಪಕ್ಕದ ಮನೆಯವನು, ಸಹಾಯ ಮಾಡಲೆಂದೇ ಬಂದವನು. ಒಳ್ಳೆಯವನೇ ಆಗಿದ್ದ. ಆದರೆ ಅದನ್ನು ತಿಳಿಯುವ ದಾರಿ ಮೇಜಿನ ಸುತ್ತ ಇದ್ದ ಯಾರಿಗೂ ಇರಲಿಲ್ಲ, ಏಕೆಂದರೆ ಕೇಳಬಹುದಾಗಿದ್ದ ಪ್ರಶ್ನೆಗಳ ಉತ್ತರವನ್ನೆಲ್ಲ ನಾವೇ ಮೊದಲು ಹಂಚಿಬಿಟ್ಟಿದ್ದೆವು.

ಸಿಕ್ಕಿದ ಮಗುವಿನ ವಿಷಯದಲ್ಲಿ ಮೈಕಿನಲ್ಲಿ ಹೇಳಬೇಕಾದದ್ದು ಬಹಳ ಕಡಿಮೆ: "ಮಗುವನ್ನು ಹುಡುಕುತ್ತಿರುವವರು ಅರಳಿಕಟ್ಟೆಯ ಪಕ್ಕದಲ್ಲಿ, ಹಸಿರು ಬಾವುಟ ಇರುವ ಸಹಾಯ ಕೇಂದ್ರಕ್ಕೆ ಬನ್ನಿ. ಮಗು ಕ್ಷೇಮವಾಗಿದೆ." ಇಷ್ಟೇ. ಹೆಸರು, ಬಟ್ಟೆ, ಗೆಜ್ಜೆ ಎಲ್ಲವೂ ಪುಸ್ತಕದಲ್ಲಿ ಇರಲಿ. ಬಂದವರು ತಾವಾಗಿ ಹೇಳಬೇಕು: ಮಗುವಿನ ಹೆಸರೇನು, ಏನು ಹಾಕಿಕೊಂಡಿತ್ತು, ಮೈಮೇಲೆ ಯಾವ ಮಚ್ಚೆ, ಮನೆಯಲ್ಲಿ ಏನೆಂದು ಕರೆಯುತ್ತೀರಿ. ಈಗ ಎಲ್ಲರ ಮೊಬೈಲಿನಲ್ಲೂ ಮಗುವಿನ ಫೋಟೋ ಇರುತ್ತದೆ, ತೋರಿಸಲಿ. ಮಗು ಅವರನ್ನು ಕಂಡಾಗ ಹೇಗೆ ನಡೆದುಕೊಳ್ಳುತ್ತದೆ ಎಂದೂ ನೋಡಬೇಕು. ಗುರುತಿನ ಚೀಟಿಯ ವಿವರ, ಫೋನ್ ನಂಬರು, ಸಹಿ ತೆಗೆದುಕೊಂಡು, ಪೊಲೀಸರೊಬ್ಬರ ಮುಂದೆ ಒಪ್ಪಿಸಬೇಕು. ಮಗು ಅಪ್ಪನ ಹೆಸರು, ಊರು ಸರಿಯಾಗಿ ಹೇಳಿದರೆ ಅಪ್ಪನನ್ನು ಹೆಸರು ಹಿಡಿದು ಕರೆಯಬಾರದೇ ಎಂದು ನೀವು ಕೇಳಬಹುದು. ಕರೆಯಬಹುದು, ಮಗು ಎಂಬ ಮಾತನ್ನೇ ಎತ್ತದೆ. "ಇಂಥ ಊರಿನ ಇಂಥವರು ಹಸಿರು ಬಾವುಟದ ಸಹಾಯ ಕೇಂದ್ರಕ್ಕೆ ಬರಬೇಕು" ಎಂದರೆ ಸಾಕು. ಯಾಕೆ ಎಂಬುದು ಕಳೆದುಕೊಂಡವರಿಗೆ ಮಾತ್ರ ತಿಳಿಯುತ್ತದೆ.

ಹೆತ್ತವರೇ ಬಂದು ಮಗು ಕಾಣುತ್ತಿಲ್ಲ ಎಂದಾಗ ಕೆಲಸ ಬೇರೆ. ಆಗ ವಿವರ ಬೇಕಾಗಿರುವುದು ಸ್ವಯಂಸೇವಕರಿಗೆ, ತಡೆಬೇಲಿಯ ಪೊಲೀಸರಿಗೆ, ಬಸ್ ನಿಲ್ದಾಣದ ಕಡೆಯ ದಾರಿಯಲ್ಲಿ ನಿಂತವರಿಗೆ, ಮುಖ್ಯವಾಗಿ ಕಲ್ಯಾಣಿಯ ಮೆಟ್ಟಿಲಿನ ಕಾವಲಿನವರಿಗೆ. ವೈರ್‌ಲೆಸ್ಸಿನಲ್ಲಿ, ಫೋನಿನಲ್ಲಿ ಅವರಿಗೆ ತಕ್ಷಣ ಹೋಗಲಿ. ನೀರು ಮತ್ತು ಹೊರದಾರಿ, ಈ ಎರಡನ್ನು ಮೊದಲು ನೋಡಬೇಕು. ಹೆತ್ತವರಲ್ಲಿ ಒಬ್ಬರು ಕೇಂದ್ರದಲ್ಲೇ ಉಳಿಯಬೇಕು. ಇಬ್ಬರೂ ಹುಡುಕಲು ಹೋದರೆ, ಮಗು ಸಿಕ್ಕಿದ ಮೇಲೆ ಹೆತ್ತವರನ್ನು ಹುಡುಕಬೇಕಾಗುತ್ತದೆ. ಇದು ನಿಲ್ದಾಣದಲ್ಲಿ ಹಬ್ಬದ ಸಮಯದಲ್ಲೆಲ್ಲ ಕಂಡದ್ದು. ಜಾತ್ರೆ ಮುಗಿಯುತ್ತ ಬಂದರೂ ಯಾರೂ ಬಾರದ ಮಗುವನ್ನು ಯಾರ ಮನೆಗೂ ಕಳಿಸುವಂತಿಲ್ಲ, "ರಾತ್ರಿ ನಮ್ಮಲ್ಲಿ ಇರಲಿ" ಎನ್ನುವವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ. ಹೆತ್ತವರಿಂದ ಬೇರೆಯಾದ ಮಗು ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ 24 ಗಂಟೆಯ ಒಳಗೆ ತಿಳಿಸಲೇಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ತಿಳಿಸದಿರುವುದು ಅಪರಾಧ.

ಮಕ್ಕಳ ಮಾತಿನಲ್ಲಿ ಮುದುಕರನ್ನು ಮರೆಯಬಾರದು. ಪ್ರಯಾಗದ ಮೇಳದಲ್ಲಿ ರಾಜಾರಾಮ್ ತಿವಾರಿ ಎಂಬವರು 1946ರಲ್ಲಿ, ದಾರಿ ತಪ್ಪಿದವರಿಗಾಗಿ ಒಂದು ಶಿಬಿರ ಶುರುಮಾಡಿದರು. ಅವರ ನಂತರ ಅವರ ಮನೆಯವರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಅಲ್ಲಿಗೆ ಬರುವವರಲ್ಲಿ ಮಕ್ಕಳಿಗಿಂತ ವಯಸ್ಸಾದವರೇ ಹೆಚ್ಚು, ಅದರಲ್ಲೂ ಹಳ್ಳಿಯಿಂದ ಗುಂಪಿನಲ್ಲಿ ಬಂದ ಹೆಂಗಸರು. ನಮ್ಮಲ್ಲೂ ಅಷ್ಟೇ. ಅಜ್ಜಿಯ ಬಳಿ ಫೋನ್ ಇಲ್ಲ, ಬಂದ ಟ್ರಾಕ್ಟರಿನ ನಂಬರು ಗೊತ್ತಿಲ್ಲ, ಯಜಮಾನರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಥವರನ್ನು "ನಿಮ್ಮ ಗಂಡನ ಹೆಸರು ಹೇಳಿ" ಎಂದು ಮೈಕಿನ ಮುಂದೆ ಗದರಿದ್ದನ್ನು ನಾನೇ ಕೇಳಿದ್ದೇನೆ. ಕೂರಿಸಿ, ಒಂದು ಲೋಟ ನೀರು ಕೊಟ್ಟು, ಊರು ಯಾವುದು, ಮಗನ ಹೆಸರೇನು ಎಂದು ಕೇಳಿದರೆ ತಾನಾಗಿ ಹೊರಬರುತ್ತದೆ. ಅವರ ಊರಿನ ಹೆಸರನ್ನು ಮೈಕಿನಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ. ಮಗುವಿನ ನಿಯಮ ಇಲ್ಲಿ ಬೇಡ.

ಸಮಿತಿಯ ಮುಂದೆ ನನ್ನ ಕೋರಿಕೆಗಳನ್ನು ಇಡುತ್ತಿದ್ದೇನೆ. ಸೂಚನೆಗೆಂದೇ ಒಂದು ಮೇಜು, ಒಂದು ಮೈಕು ಇರಲಿ, ಅದರ ಮುಂದೆ ಸರದಿಯ ಮೇಲೆ ಇಬ್ಬರು ಮಾತ್ರ ಕೂರಲಿ. ಅವರಿಗೆ ಗಂಭೀರ ಕಂಠ ಬೇಕಿಲ್ಲ, ಬರೆದದ್ದನ್ನು ಬರೆದಂತೆ ಓದುವ ಸಂಯಮ ಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕಿಯರು ಇದಕ್ಕೆ ಬಹಳ ತಕ್ಕವರು ಎಂದು ನನ್ನ ಅನಿಸಿಕೆ. ಪುಸ್ತಕದಲ್ಲಿ ಬರೆದು, ಜವಾಬ್ದಾರರೊಬ್ಬರ ಸಹಿ ಬೀಳದ ಯಾವ ಸೂಚನೆಯೂ ಮೈಕಿಗೆ ಹೋಗಬಾರದು, ಅಧ್ಯಕ್ಷರೇ ಬಂದು ಹೇಳಿದರೂ. ಸನ್ಮಾನ, ದಾನಿಗಳ ಹೆಸರು, ಗಣ್ಯರ ಸ್ವಾಗತ ಇವೆಲ್ಲ ಬೇರೆ ಮೈಕಿಗೆ ಹೋಗಲಿ. ಮಧ್ಯಾಹ್ನದಿಂದ ದಾನಿಗಳ ಪಟ್ಟಿ ಕೇಳಿ ಕೇಳಿ ಜನರ ಕಿವಿ ಮುಚ್ಚಿಹೋಗಿರುತ್ತದೆ, ಆಮೇಲೆ ಬರುವ ಸೂಚನೆಯೂ ಅದರಲ್ಲೇ ಮುಳುಗುತ್ತದೆ. ತೊಟ್ಟಿಲಿನವರಿಗೂ ಅಂಗಡಿಯವರಿಗೂ ಜಾಗದ ಹರಾಜಿನ ಹೊತ್ತಿನಲ್ಲೇ ಬರೆಸಿಕೊಳ್ಳಿ: ಸೂಚನೆಯ ಗಂಟೆ ಬಾರಿಸಿದರೆ ಧ್ವನಿ ನಿಲ್ಲಿಸಬೇಕು, ನಿಲ್ಲಿಸದಿದ್ದರೆ ಠೇವಣಿ ಹೋಗುತ್ತದೆ. ಸಹಾಯ ಕೇಂದ್ರದ ಮೇಲೆ ದೂರಕ್ಕೆ ಕಾಣುವ ಬಾವುಟ, ಕತ್ತಲಾದ ಮೇಲೆ ಹಸಿರು ದೀಪ ಇರಲಿ. ಅಲ್ಲಿ ಸದಾ ಒಬ್ಬ ಮಹಿಳೆ ಇರಲಿ. ಕರೆಂಟು ಹೋದರೂ ಮಾತಾಡುವಂತೆ ಆಂಪ್ಲಿಫೈಯರಿಗೆ ಬ್ಯಾಟರಿ, ಬೀದಿಯ ತುದಿಗಳಲ್ಲಿ ನಿಂತ ಪೊಲೀಸರಿಗೆ ಕೈಮೈಕು ಕೊಡಿ.

ಪೂರ್ವಭಾವಿ ಸಭೆಯ ಕಾರ್ಯಸೂಚಿಯಲ್ಲಿ ತೇರಿನ ಅಲಂಕಾರ, ಪಟಾಕಿ, ಅನ್ನಸಂತರ್ಪಣೆ ಇವುಗಳ ಸಾಲಿನಲ್ಲಿ "ಧ್ವನಿವರ್ಧಕ" ಎಂಬುದು ಪ್ರತಿ ವರ್ಷ ಇರುತ್ತದೆ, ಆದರೆ ಚರ್ಚೆಯಾಗುವುದು ಬಾಡಿಗೆ ಎಷ್ಟು ಎಂಬುದು ಮಾತ್ರ. ಈ ಸಲ ಮೈಕ್‌ಸೆಟ್ಟಿನವರನ್ನೂ ಠಾಣೆಯವರನ್ನೂ ಅದೇ ಸಭೆಗೆ ಕರೆಸಿ. ಗುತ್ತಿಗೆ ಕೊಡುವ ಮುಂಚೆ ರಥಬೀದಿಯಲ್ಲಿ ಹಾರ್ನ್ ಕಟ್ಟಿ, ಆ ಹತ್ತು ಊರಿನ ಹೆಸರಿನ ಪರೀಕ್ಷೆಯನ್ನು ಮಾಡಿಸಿ. ಚೀಟಿ ಓದಲೂ, ಕಲ್ಯಾಣಿಯ ಕಡೆ ನಿಂತು ಬರೆದುಕೊಳ್ಳಲೂ ನಾನು ಸಿದ್ಧ. ಆ ಬಳೆಯ ಹೆಂಗಸಿಗೆ ಸನ್ಮಾನ ಮಾಡುವ ಯೋಚನೆ ತಮಗಿದ್ದರೆ ಸಂತೋಷ. ಶಾಲಿನ ಬದಲು ಸಹಾಯ ಕೇಂದ್ರದಲ್ಲಿ ಒಂದು ಕುರ್ಚಿ ಕೊಟ್ಟು, ಆ ದಿನದ ವ್ಯಾಪಾರದ ನಷ್ಟವನ್ನು ತುಂಬಿಕೊಡಿ.

ಇತಿ ತಮ್ಮ ವಿಶ್ವಾಸಿ,
ರಥಬೀದಿಯ ನಿವಾಸಿ, ನಿವೃತ್ತ ಸಂಚಾರ ನಿಯಂತ್ರಕ